ಡಬ್ಬಿ ಅಣ್ಣನ ಯುಪಿಎಸ್

ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನನ್ನು ಎಲ್ಲರೂ ಕರೆಯುತ್ತಿದ್ದುದು ಡಬ್ಬಿ ಅಣ್ಣ ಎಂದೇ. ಮೆಟ್ಟಿಲ ಕೆಳಗಿನ ಆ ಸರ್ವರ್ ಡಬ್ಬಿಗೆ ಅವನು ಹನ್ನೊಂದು ವರ್ಷ ಕಾವಲು ಕೂತಿದ್ದ.

ಅಂದು ಬೆಳಿಗ್ಗೆ ಲ್ಯಾಬಿನ ಅಕ್ಕ ಓಡಿ ಬಂದಳು. "ಅಣ್ಣಾ, ಯಾರ ಫೋನಲ್ಲೂ ರಿಪೋರ್ಟ್ ತೆರೀತಿಲ್ಲ. ಸೈಟು ಅಸಲಿ ಅಂತ ಹೇಳೋ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಬರ್ತಿದೆ."

"ಸುಮ್ನಿರಿ ಅಕ್ಕ, ಅದು ತಾನಾಗೇ ನವೀಕರಣ ಆಗುತ್ತೆ. ಇನ್ನೂ ಅರವತ್ತು ದಿನ ಇದೆ ಅಂತ ಈಗಷ್ಟೇ ಮೇಲ್ ಬಂತು."

ಮೇಲ್ ಸುಳ್ಳು ಹೇಳಿರಲಿಲ್ಲ. ಅದನ್ನು ಕಳಿಸಿದ್ದ, ಅವನೇ ಬರೆದಿಟ್ಟ ತಪಾಸಣೆ ಪ್ರೋಗ್ರಾಂ ಡಿಸ್ಕಿನಲ್ಲಿದ್ದ ಹೊಸ ಸರ್ಟಿಫಿಕೇಟ್ ಫೈಲನ್ನು ನೋಡುತ್ತಿತ್ತೇ ಹೊರತು, ಹೊರಗಿನಿಂದ ಬಂದವರಿಗೆ ಏನು ಕಾಣುತ್ತದೆಂದು ನೋಡುತ್ತಿರಲಿಲ್ಲ. ವೆಬ್ ಸರ್ವರ್ ತಾನು ಶುರುವಾದಾಗ ಓದಿಕೊಂಡ ಹಳೆಯದನ್ನೇ ತೋರಿಸುತ್ತಿತ್ತು. ನವೀಕರಣವಾದ ಮೇಲೆ ರೀಲೋಡ್ ಮಾಡು, ಹೊಸದನ್ನು ಓದಿಕೋ ಎಂಬ ಒಂದು ಸಾಲನ್ನು ಅವನು ಎಂದೂ ಬರೆದಿರಲೇ ಇಲ್ಲ.

ಹಾಗಾದರೆ ಇಷ್ಟು ವರ್ಷ ನಡೆದದ್ದು ಹೇಗೆ? ಆಗ ಅವನಿಗೆ ಹೊಳೆಯಿತು. ವಾರಕ್ಕೊಮ್ಮೆ ಕರೆಂಟು ಹೋಗಿ ಡಬ್ಬಿ ಹೊಸದಾಗಿ ಶುರುವಾಗುತ್ತಿತ್ತು, ಹೊಸ ಸರ್ಟಿಫಿಕೇಟನ್ನೂ ಓದಿಕೊಳ್ಳುತ್ತಿತ್ತು. ಕಂಡಕಂಡವರ ಕೈಕಾಲು ಹಿಡಿದು ದೊಡ್ಡ ಯುಪಿಎಸ್ ಹಾಕಿಸಿದವನು ಅವನೇ. ಅದು ಬಂದ ಮೇಲೆ, ಎರಡೂವರೆ ತಿಂಗಳಿಂದ, ಡಬ್ಬಿ ಒಮ್ಮೆಯೂ ನಿಂತಿರಲಿಲ್ಲ.

ರೀಲೋಡ್ ಮಾಡಿದ. ರಿಪೋರ್ಟ್ ತೆರೆಯಿತು.

"ನೀವಿಲ್ದಿದ್ರೆ ನಮ್ಮ ಗತಿ ಏನಣ್ಣಾ!" ಎಂದಳು ಅಕ್ಕ.

ಅವನು ಯುಪಿಎಸ್‌ನ ಹಸಿರು ದೀಪ ನೋಡುತ್ತ ಕೂತ. ಹನ್ನೊಂದು ವರ್ಷ ಅವನ ಕೆಲಸ ಮಾಡಿದ್ದು, ಅವನು ದಿನಾ ಶಪಿಸುತ್ತಿದ್ದ ಆ ಹಾಳು ಕರೆಂಟು.