ನಡುದಾರಿಯಲ್ಲಿ ನಿಂತ ಫೀಸು

ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿದ ಮೇಲೆ ಒಂದು ತಿರುಪು ಉಳಿದರೂ, ಅದು ಎಲ್ಲಿಯದೆಂದು ತಿಳಿಯುವವರೆಗೆ ಕಟ್ಟೆಮಳಲವಾಡಿಯ ಚಲುವಯ್ಯ ಊಟಕ್ಕೆ ಏಳುತ್ತಿರಲಿಲ್ಲ. ಹೊಗೆಸೊಪ್ಪು ಬೆಳೆಯುವ ಆತನ ಈ ಸ್ವಭಾವಕ್ಕೆ ಹೆಂಡತಿ ದೊಡ್ಡತಾಯಮ್ಮ ರೋಸಿಹೋಗಿದ್ದಳು.

೨೦೦೯ರ ನವೆಂಬರಿನಲ್ಲಿ ಒಂದು ಬೆಳಗ್ಗೆ, ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಅನುಶ್ರೀಯಿಂದ ಮೊಬೈಲಿಗೆ ಸಂದೇಶ ಬಂತು. ಇಂಗ್ಲಿಷ್ ಅಕ್ಷರದಲ್ಲಿದ್ದ ಕನ್ನಡವನ್ನು ಚಲುವಯ್ಯ ಕೂಡಿಸಿಕೊಂಡು ಜೋರಾಗಿ ಓದಿದ:

“ಅಪ್ಪಾ, ನಿನ್ನೆ ಸೈಬರ್ ಸೆಂಟರಲ್ಲಿ ಪರೀಕ್ಷೆ ಫೀಸ್ ಕಟ್ಟಿದೆ. ಮಧ್ಯದಲ್ಲಿ ಕರೆಂಟ್ ಹೋಯ್ತು. ಅಕೌಂಟಿಂದ ದುಡ್ಡು ಕಟ್ ಆಗಿದೆ, ರಸೀದಿ ಬಂದಿಲ್ಲ. ಕಾಲೇಜಲ್ಲಿ ದುಡ್ಡೇ ಬಂದಿಲ್ಲ ಅಂತಾರೆ. ನಾಳೆ ಕೊನೇ ದಿನ. ಬ್ಯಾಂಕ್ ಕೊಟ್ಟ ನಂಬರ್ ಬರ್ಕೊಂಡಿದೀನಿ, ಕಳಿಸ್ತೀನಿ. ಗಾಬರಿ ಆಗ್ಬೇಡ.”

“ಇನ್ನೊಂದ್ಸಲ ಕಟ್ಟಕ್ಕೇಳಿ,” ಎಂದಳು ದೊಡ್ಡತಾಯಮ್ಮ. “ಮಗಳು ಪರೀಕ್ಸೆ ಬರೀದೆ ಕೂತ್ಕಂಡ್ರೆ ಏನ್ ಗತಿ?”

“ತಡಿಯಮ್ಮಿ. ಹರಾಜಲ್ಲಿ ಹೊಗೆಸೊಪ್ಪಿನ ಬೇಲು ಹೋಗಿ ದುಡ್ಡು ತಡ ಆದ್ರೆ, ಇನ್ನೊಂದ್ ಬೇಲು ಕೊಟ್ಬುಡ್ತೀವಾ? ಬೇಲಿನ ನಂಬ್ರ ಇಡ್ಕಂಡು ಕೇಳ್ತೀವಿ.”

“ಅಂಗಾರೆ ದುಡ್ಡೀಗ ಎಲ್ಲದೆ?”

“ಅದೇ ಕಣಮ್ಮಿ, ನಂಗೂ ಬೇಕಾಗಿರೋದು!”

ಖಾತೆ ಅಪ್ಪ, ಮಗಳು ಇಬ್ಬರ ಹೆಸರಲ್ಲೂ ಇತ್ತು. ಚಲುವಯ್ಯ ಹುಣಸೂರಿನ ಬ್ಯಾಂಕಿಗೆ ಹೋಗಿ ಮಗಳು ಕಳಿಸಿದ ನಂಬರನ್ನು ತೋರಿಸಿದ. ಅಧಿಕಾರಿ ಮಂಗಳಗೌರಿ ಕಂಪ್ಯೂಟರಿನಲ್ಲಿ ನೋಡಿದಳು.

“ದುಡ್ಡು ನಮ್ಮಿಂದ ಹೋಗಿದೆ ಯಜಮಾನ್ರೇ. ಕಾಲೇಜಿಗೂ ನಮಗೂ ನಡುವೆ ದುಡ್ಡು ದಾಟಿಸೋ ಕಂಪನಿ ಒಂದಿದೆ. ನಾವು ಕೊಟ್ವಿ ಅನ್ನೋ ಸುದ್ದಿ ಕಾಲೇಜಿಗೆ ಮುಟ್ಟೋ ಮೊದಲೇ ಕರೆಂಟ್ ಹೋಗಿದೆ. ಲೆಕ್ಕ ತಾಳೆ ನೋಡಿದ ಮೇಲೆ ಒಂದೋ ಅವರಿಗೆ ಸೇರುತ್ತೆ, ಇಲ್ಲ ನಿಮಗೇ ವಾಪಸ್ ಬರುತ್ತೆ.”

“ಅಂದ್ರೆ ಈಗ ಬಸ್‌ಸ್ಟ್ಯಾಂಡಲ್ಲಿ ಕೂತದೆ ಅನ್ನಿ.”

ಮಂಗಳಗೌರಿ ನಕ್ಕು, ದೂರು ದಾಖಲಿಸಿ, ಖಾತೆಯ ವಿವರದ ಮೇಲೆ ಬ್ಯಾಂಕಿನ ಮೊಹರು ಒತ್ತಿ ಕೊಟ್ಟಳು.

ಮರುದಿನ ಚಲುವಯ್ಯ ಮೈಸೂರಿಗೆ ಹೋಗಿ, ಮಗಳ ಜೊತೆ ಕಾಲೇಜಿನ ಕಚೇರಿಯಲ್ಲಿ ಆ ಕಾಗದ ಕೊಟ್ಟ. ಸೂಪರಿಂಟೆಂಡೆಂಟ್ ಕಂಠಪ್ಪ ಮೊದಲು ಆಗದೆಂದು ತಲೆಯಾಡಿಸಿದ. “ರಸೀದಿ ಇಲ್ದೆ ಪಟ್ಟೀಲಿ ಹೆಸರು ಹೇಗ್ರೀ ಸೇರಿಸ್ಲಿ?” ಆಮೇಲೆ ಮೊಹರು, ತಾರೀಖು, ನಂಬರು ನೋಡಿದ. ಅನುಶ್ರೀಯಿಂದ ಅರ್ಜಿ ಬರೆಸಿ, ಪ್ರಿನ್ಸಿಪಾಲರ ಸಹಿ ಹಾಕಿಸಿದ. “ಯೂನಿವರ್ಸಿಟಿಗೆ ಹೆಸರು ಕಳಿಸ್ತೀನಮ್ಮ. ದುಡ್ಡು ನಿಮಗೇ ವಾಪಸ್ ಬಂದ್ರೆ ಅವತ್ತೇ ಡಿ.ಡಿ. ತಂದುಕೊಡಬೇಕು.”

ಅನುಶ್ರೀ ಹೊರಗೆ ಬಂದವಳೇ ಅಪ್ಪನ ಕೈ ಹಿಡಿದುಕೊಂಡಳು.

ಮುಂದಿನ ವಾರ ಹಣ ಖಾತೆಗೇ ಮರಳಿತು. ಚಲುವಯ್ಯ ಅಂದೇ ಡಿ.ಡಿ. ಮಾಡಿಸಿ ಕಾಲೇಜಿಗೆ ಮುಟ್ಟಿಸಿದ. ರಸೀದಿ ಸಿಕ್ಕಿತು, ಪರೀಕ್ಷೆಯ ಹಾಲ್‌ಟಿಕೆಟ್ಟೂ ಬಂತು. ಕೃತಜ್ಞತೆ ಹೇಳಲೆಂದು ಬ್ಯಾಂಕಿಗೆ ಹೋದವನು ಮಂಗಳಗೌರಿಯ ಮೇಜಿನ ಮುಂದೆಯೇ ನಿಂತುಬಿಟ್ಟ.

“ಅಲ್ಲ ಕಣವ್ವಾ, ದುಡ್ಡು ನಡುವೆ ಕೂತಿತ್ತಲ್ಲ, ಅಷ್ಟ್ ದಿನದ ಬಡ್ಡಿ ಯಾರಿಗೆ?”

ಅವಳು ಪೆನ್ನು ಕೆಳಗಿಟ್ಟಳು. “ಕೂತ್ಕೊಳ್ಳಿ ಯಜಮಾನ್ರೇ. ಮ್ಯಾನೇಜರ್ ಬರ್ಲಿ, ನಾನೂ ಕೇಳ್ತೀನಿ.”