ಏಳು ಪದ

ಸಿದ್ದಗಂಗಮ್ಮ ಜೊಂಡು ಕೊಯ್ಯುವ ಕ್ರಮ ಹೀಗಿತ್ತು. ಮೊದಲು ಎಡಗೈಯಲ್ಲಿ ಸರಿಸಿ ನೋಡಬೇಕು, ಆಮೇಲೆ ಕುಡುಗೋಲು. ಗೂಡು ಕಂಡರೆ ನಾಲ್ಕು ಎಲೆ ಸೇರಿಸಿ ಗಂಟು ಹಾಕಿ, ಅಷ್ಟು ಜಾಗ ಬಿಟ್ಟು ಮುಂದೆ ಹೋಗುವುದು. ತಲಘಟ್ಟಪುರದ ಆಚೆ, ಕೆರೆಯಂಚಿನಲ್ಲಿ, ಮೂವತ್ತು ವರ್ಷದಿಂದ ಅದೇ ಕೆಲಸ. ಮನೆಯಲ್ಲಿ ಗೌರಿ ಅಂತ ಒಂದೇ ಹಸು, ಜೊಂಡು ಅದರ ಮೇವಿಗೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಸಿಗುತ್ತಿದ್ದದ್ದು ಅದೇ.

ನಾನು ಪ್ರೇರಣಾ. ಜಯನಗರದ ಒಂದು ಪುಟ್ಟ ಸಂಸ್ಥೆಯಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಎರಡು ಮಳೆಗಾಲ ಆ ಕೆರೆಯಲ್ಲಿ ಜಂಬುಕೋಳಿ ಎಂಬ ನೀರುಹಕ್ಕಿಯ ಗೂಡು ಹುಡುಕಿದೆ. ನಿಜ ಹೇಳಬೇಕೆಂದರೆ ಮೊದಲನೇ ಮಳೆಗಾಲ ನಾನು ಹುಡುಕಿದ್ದು ಕಡಿಮೆ, ಆಕೆಯ ಗಂಟುಗಳನ್ನು ಹಿಡಿದು ಹೋದದ್ದೇ ಹೆಚ್ಚು.

ಮೊದಲನೇ ವರ್ಷವೇ ಆಕೆಗೆ ಲೆಕ್ಕ ತೋರಿಸಿದ್ದೆ. ಮಳೆಗಾಲದಲ್ಲಿ ಸುತ್ತ ಕೊಯ್ದ ಕಡೆ ಗೂಡು ಬಯಲಾಗಿ ಕಾಗೆ ಪಾಲಾಗುತ್ತಿತ್ತು. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಮಾತ್ರ ಕೊಯ್ದ ಕಡೆಯೂ ಕೊಯ್ಯದ ಕಡೆಯೂ ಮರಿಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ.

"ಅಯ್ಯೋ ಶಿವನೇ! ಗಂಟು ಹಾಕಿದ್ರೂ ಉಳೀಲಿಲ್ವಾ?" ಎಂದು ಆಕೆ ತಲೆ ಮೇಲೆ ಕೈ ಹೊತ್ತುಕೊಂಡಳು. "ಹಂಗಾದ್ರೆ ಮಳೆ ನಾಲ್ಕು ತಿಂಗ್ಳು ಈ ಕಡೆ ಬರಲ್ಲ ಬಿಡು. ಗೌರಿಗೆ ಆಗ ಬೇರೆ ಕಡೆ ಹುಲ್ಲು ಸಿಗತ್ತೆ." ಹೇಳಿದ ಹಾಗೇ ನಡೆದುಕೊಂಡಳು.

ಪ್ರಬಂಧ ಮುಗಿಯಿತು, ಸಾರಾಂಶ ಉಳಿಯಿತು. ಪ್ರಶ್ನೆ, ವಿಧಾನ, ಫಲಿತಾಂಶ, ಅದರಿಂದ ಮಾಡಬೇಕಾದದ್ದು, ನಾಲ್ಕೂ ಇನ್ನೂರೈವತ್ತು ಇಂಗ್ಲಿಷ್ ಪದದೊಳಗೆ. ನನ್ನದು ಇನ್ನೂರೈವತ್ತೇಳು. ಸಂಶೋಧನಾ ಪತ್ರಿಕೆಯ ವೆಬ್‌ಸೈಟು ಒಂದು ಪದ ಹೆಚ್ಚಾದರೂ ತಗೊಳ್ಳುವುದಿಲ್ಲ. ಕೊನೆಯ ವಾಕ್ಯ, "ಗೂಡು ಕಟ್ಟುವ ತಿಂಗಳುಗಳಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೊಂಡು ಕೊಯ್ಲು ನಿಲ್ಲಿಸಬೇಕು" ಎಂದಿತ್ತು. ತಿಂಗಳ ಮಾತು ಇಂಗ್ಲಿಷಿನಲ್ಲಿ ಸರಿಯಾಗಿ ಏಳು ಪದ. ಒಳಗೆ ವಿವರವಾಗಿ ಬರೆದಿದೆಯಲ್ಲ, ಯಾರಿಗೆ ಅರ್ಥವಾಗಲ್ಲ ಎಂದುಕೊಂಡು ಕತ್ತರಿಸಿ ಹಾಕಿದೆ.

ಅದರ ಮೇಲಿನ ವಾಕ್ಯ, "ಭಾರತದಲ್ಲಿ ಇಂಥ ಅಧ್ಯಯನ ನಮ್ಮದೇ ಮೊದಲು" ಎನ್ನುವುದು. ಅದೂ ಏಳೇ ಪದ. ಅದನ್ನು ಮುಟ್ಟಲಿಲ್ಲ. ಮುಟ್ಟಲು ಮನಸ್ಸು ಬರಲಿಲ್ಲ, ಸುಳ್ಳೇಕೆ ಹೇಳಲಿ.

ಜನವರಿಯಲ್ಲಿ ಕೆರೆಗೆ ಹೋದರೆ ಗೇಟಿಗೆ ಬೀಗ. ಹೊರಗೆ ಸಿದ್ದಗಂಗಮ್ಮ, ಕೈಯಲ್ಲಿ ಕುಡುಗೋಲು, ಖಾಲಿ ಚೀಲ. ಒಳಗೆ ಕೆರೆ ಸಮಿತಿಯ ಕಾರ್ಯದರ್ಶಿ ಸೋಮನಾಥ್.

"ಮೂರು ವಾರ ಆಯ್ತು ಕಣಮ್ಮ ಬಿಡ್ತಿಲ್ಲ," ಎಂದಳು. "ಮಳೆಗಾಲ ಬಿಟ್ರೆ ಏನೂ ಆಗಲ್ಲ ಅಂತ ನೀನೇ ಹೇಳಿದ್ಯಲ್ಲ, ಒಂದ್ಮಾತು ಹೇಳು ಇವರಿಗೆ."

ಸೋಮನಾಥ್ ಒಂದು ಹಾಳೆ ತಂದು ನನ್ನ ಕೈಗಿಟ್ಟರು. ನನ್ನ ಸಾರಾಂಶ! ಕೊನೆಯ ವಾಕ್ಯಕ್ಕೆ ಹಳದಿ ಬಣ್ಣ ಬಳಿದಿತ್ತು.

"ಕೊಯ್ಲು ನಿಲ್ಲಿಸಬೇಕು ಅಂತ ನೀವೇ ಬರ್ದಿದ್ದೀರಲ್ಲ ಮೇಡಂ? ಅದನ್ನ ನೋಡೇ ಮೀಟಿಂಗಲ್ಲಿ ಪಾಸ್ ಮಾಡಿದ್ದು."

"ಸಾರ್, ಪೂರ್ತಿ ಪೇಪರ್ ಓದಿದ್ರೆ..."

"ಪೂರ್ತಿದಕ್ಕೆ ದುಡ್ಡು ಕೇಳತ್ತೆ ಮೇಡಂ. ಫ್ರೀಯಾಗಿ ಸಿಗೋದು ಇಷ್ಟೇ. ತಪ್ಪಿದ್ರೆ ಅಚ್ಚಲ್ಲೇ ತಿದ್ದಿಸ್ಕೊಂಡು ಬನ್ನಿ. ಬಾಯ್ಮಾತಿಗೆ ಬೀಗ ತೆಗ್ಯಕ್ಕಾಗಲ್ಲ."

ಅವರನ್ನು ಬೈಯಬೇಕೆಂದಿದ್ದೆ. ಸಿದ್ದಗಂಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹಾಳೆ ಮಡಚಿ ಬ್ಯಾಗಿಗೆ ತುರುಕಿದೆ.

ಅಂದೇ ಸಂಪಾದಕರಿಗೆ ಬರೆದೆ. ತಿದ್ದುಪಡಿಗೆ ಒಪ್ಪಿದರು, ಮಿತಿ ಮಾತ್ರ ಅದೇ ಇನ್ನೂರೈವತ್ತು. ಈ ಸಲ ಕತ್ತರಿಸಬೇಕಾದದ್ದು ತಾನಾಗಿ ಕಣ್ಣಿಗೆ ಬಿತ್ತು. ಅಚ್ಚಾಗುವಷ್ಟರಲ್ಲಿ ಏಪ್ರಿಲ್ ಬಂತು.

ಬೀಗ ತೆಗೆಸಿ, ಹಾಳೆ ಹಿಡಿದು ಸಿದ್ದಗಂಗಮ್ಮನ ಮನೆಗೆ ಓಡಿದೆ. ಕೊಟ್ಟಿಗೆಯಲ್ಲಿ ಗೂಟ ಇತ್ತು, ಹಗ್ಗ ಇತ್ತು. ಹಸು ಇರಲಿಲ್ಲ.

"ಮೇವಿಲ್ದೆ ಒಣಗೋಯ್ತು ಕಣಮ್ಮ. ನೋಡಕ್ಕಾಗ್ಲಿಲ್ಲ. ಕೊಟ್ಬಿಟ್ಟೆ," ಎಂದಳು. ಕಾಫಿ ಕೊಟ್ಟಳು, ಅಂಗಡಿಯ ಪ್ಯಾಕೆಟ್ ಹಾಲಿನದು. "ಏನದು, ಓದು ಕೇಳಣ."

ಹಳೆಯದನ್ನೂ ಹೊಸದನ್ನೂ ಕನ್ನಡ ಮಾಡಿ ಓದಿದೆ. ಮೊದಲು ತಿಂಗಳ ಮಾತು ತೆಗೆದದ್ದು ಯಾಕೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

"ಹೊಸದ್ರಲ್ಲಿ, ನಮ್ಮದೇ ಮೊದಲು ಅಂತ ಬರ್ಲಿಲ್ಲ?"

"ತೆಗೆದೆ ಅಮ್ಮ. ತಿಂಗಳು ಹಾಕೋಕೆ ಜಾಗ ಬೇಕಿತ್ತು."

ಆಕೆ ಗೂಟದ ಕಡೆ ನೋಡಿದಳು. ಕೋಪವೇನೂ ಇರಲಿಲ್ಲ ದನಿಯಲ್ಲಿ.

"ಆಗ್ಲೇ ತೆಗೀಬೋದಿತ್ತಲ್ಲವ್ವ."