ಮಜೂರಿ ಇಲ್ಲದ ಬೋರಮಾಳ

ಅಕ್ಕನ ಮದುವೆಗೆ ಬಂಗಾರದ ಗುಂಡುಮಣಿಗಳ ಬೋರಮಾಳ ಸರ ಹಾಕುವುದೆಂದು ನಿಶ್ಚಯದ ದಿನವೇ ಮಾತಾಗಿತ್ತು. ಕೂಡಿಟ್ಟ ಹಣ ಸಾಲದಾದಾಗ ಅವ್ವ ತನ್ನ ಬಂಗಾರದ ಬಳೆ, ಪಾಟಲಿ, ಕೊಡುವುದೆಂದೂ ಆಗಿತ್ತು. ಪಾಟಲಿ ಎರಡಿದ್ದವು, ಕೈಗೊಂದು. ಒಂದನ್ನು ಕೊಟ್ಟರೆ ಸಾಕೋ, ಎರಡೂ ಹೋಗಬೇಕೋ ಎಂಬುದಷ್ಟೇ ತೀರ್ಮಾನವಾಗಿರಲಿಲ್ಲ.

ಜನವರಿಯ ಎರಡನೇ ಭಾನುವಾರ ಅಪ್ಪ ಅದನ್ನೂ ತೀರ್ಮಾನಿಸಿಕೊಂಡು ಬಂದ. ಅಪ್ಪನದು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಪೇಟೆಯ ಒಂದು ಬಂಗಾರದ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಕೂತು ಚೌಕಾಸಿ ಮಾಡಿದ್ದ.

“ಸರ ಮಾಡೂ ಮಜೂರಿ ಒಂದು ಪೈಸಾ ಇಲ್ಲ. ವೇಸ್ಟೇಜ್ ಹನ್ನೆರಡು ಪರ್ಸೆಂಟ್, ಅಷ್ಟ. ಹಿಂಗ ಯಾರಿಗೂ ಕೊಟ್ಟಿಲ್ಲ ಅಂದಾನ” ಅಂದ.

“ಎಲ್ಲಾರಿಗೂ ಹಂಗ ಹೇಳ್ತಾನ” ಅಂದಳು ಅವ್ವ, ರೊಟ್ಟಿ ತಿರುವಿ ಹಾಕುತ್ತ.

“ಏ, ಚಾ ತರಿಸಿದ್ದ ನನಗ. ಎರಡ ಸಲ.”

“ಪಾಟಲಿ ಎಷ್ಟು ಹೋಗ್ತಾವ ಹೇಳ್ರಿ.”

ಅಪ್ಪ ಕೈ ತೊಳೆಯಲು ಎದ್ದ. ಎರಡೂ ಹೋಗುತ್ತವೆಂದು ಬಚ್ಚಲಿನಿಂದ ಹೇಳಿದ.

ನಾನು ಗಣೇಶಗುಡಿಯ ಒಂದು ಹೋಂಸ್ಟೇಯಲ್ಲಿ ಲೆಕ್ಕ ಬರೆಯುತ್ತೇನೆ. ಆ ವಾರ ರಜೆ ಹಾಕಿ ಮನೆಗೆ ಬಂದಿದ್ದೆ. ಬಂಗಾರದ ದರ ದಿನಕ್ಕೊಂದು ಇರುವುದರಿಂದ ಎಲ್ಲವನ್ನೂ ಗ್ರಾಮಿಗೆ ಇಳಿಸಿ ಬರೆದೆ. ನಮ್ಮಲ್ಲಿದ್ದ ಹಣಕ್ಕೆ ಅಂದು ಇಪ್ಪತ್ತೆರಡು ಕ್ಯಾರೆಟ್ಟಿನ ಹತ್ತು ಗ್ರಾಂ ಬರುತ್ತಿತ್ತು. ಅಕ್ಕ ಆರಿಸಿದ ಬೋರಮಾಳದ ತೂಕ ಇಪ್ಪತ್ತು ಗ್ರಾಂ. ಅದಕ್ಕೆ, ಮಾಡುವಾಗ ಸವೆದುಹೋಗುವ ಬಂಗಾರಕ್ಕೆಂದು ಹಾಕುವ ಹನ್ನೆರಡು ಪರ್ಸೆಂಟ್ ವೇಸ್ಟೇಜ್ ಸೇರಿದರೆ 22.4. ಆ ಮೊತ್ತದ ಮೇಲೆ ಮೂರು ಪರ್ಸೆಂಟ್ ಜಿಎಸ್‌ಟಿ ಹಾಕಿದರೆ 23.07. ಅಂದರೆ ಇಪ್ಪತ್ತು ಗ್ರಾಂ ಸರಕ್ಕೆ ನಾವು ಇಪ್ಪತ್ಮೂರು ಗ್ರಾಮಿನ ದುಡ್ಡು ಕೊಡಬೇಕು. ಪಾಟಲಿ ಒಂದೊಂದೂ ಹನ್ನೆರಡು ಗ್ರಾಂ. ಹಳೆಯ ಬಂಗಾರವೆಂದು ಅಂಗಡಿಯವ ನೂರಕ್ಕೆ ಹದಿನೈದು ಮುರಿದುಕೊಂಡು 10.2 ಹಿಡಿಯುತ್ತಾನಂತೆ. ಹತ್ತಕ್ಕೆ ಹತ್ತೂ ಚಿಲ್ಲರೆ ಕೂಡಿದರೂ ಮೂರು ಗ್ರಾಮಿನಷ್ಟು ಕಡಿಮೆ ಬೀಳುತ್ತಿತ್ತು. ಆ ಮೂರು ಗ್ರಾಮಿಗಾಗಿ ಎರಡನೇ ಪಾಟಲಿಯೂ ಹೋಗಬೇಕಿತ್ತು.

 ರಾತ್ರಿ ಪಾತ್ರೆ ತಿಕ್ಕುವಾಗ ಅವ್ವ ಪಾಟಲಿಗಳನ್ನು ಮೊಣಕೈಯತ್ತ ಸರಿಸಿಕೊಂಡಳು. ದಿನವೂ ಹಾಗೇ ಸರಿಸಿಕೊಳ್ಳುತ್ತಾಳೆ.

ಮರುದಿನ ಅವ್ವನೇ “ಹಳಿಯಾಳಕ್ಕ ಹೋಗಿ ಒಮ್ಮೆ ಕೇಳೂಣು” ಅಂದಳು. ತವರಿನವರು ಮೊದಲಿನಿಂದ ಒಡವೆ ಮಾಡಿಸುವ ಪತ್ತಾರರ ಅಂಗಡಿ ಅಲ್ಲಿತ್ತು. ನಾವಿಬ್ಬರೂ ಬಸ್ಸು ಹತ್ತಿದೆವು. ಅಕ್ಕನ ಮೊಬೈಲಿನಲ್ಲಿದ್ದ ಬೋರಮಾಳದ ಫೋಟೊ ನನ್ನ ಮೊಬೈಲಿಗೆ ಬಂದಿತ್ತು.

ಪತ್ತಾರರು ಫೋಟೊವನ್ನು ದೊಡ್ಡದು ಮಾಡಿ ನೋಡಿದರು.

“ಮಾಡಿ ಕೊಡ್ತೀನ್ರಿ. ವೇಸ್ಟೇಜ್ ಹತ್ತು ಪರ್ಸೆಂಟ್, ಮ್ಯಾಲೆ ಗ್ರಾಮಿಗಿಷ್ಟು ಅಂತ ಮಜೂರಿ.”

“ಎರಡೂ ತಗೋತೀರಿ?” ಅಂದಳು ಅವ್ವ. “ದಾಂಡೇಲ್ಯಾಗ ಮಜೂರಿ ಇಲ್ಲ ಅಂದಾರಲ್ರಿ.”

“ಹಂಗಂದ್ರ ಅಲ್ಲೇ ಮಾಡಸ್ರಿ ಅಕ್ಕಾರ. ಛಲೋ ಆತಲ್ಲ” ಅಂದರು ಪತ್ತಾರರು. ಬೇಸರವೇನೂ ಇರಲಿಲ್ಲ. ಮೊಬೈಲ್ ವಾಪಸು ಕೊಡುತ್ತ ಕೇಳಿದರು: “ನಿವ್ವಳ ತೂಕ ಎಷ್ಟ ಹೇಳ್ಯಾರ?”

ನಾನು ಇಪ್ಪತ್ತು ಅಂದೆ.

“ಅದು ಒಟ್ಟು ತೂಕ ಇರಬೇಕವ್ವಾ. ಬೋರಮಾಳದ ಮಣಿ ಒಳಗ ಪೊಳ್ಳು ಇರ್ತಾವ, ಅರಗು ತುಂಬಿರ್ತೀವಿ. ಇಲ್ಲಂದ್ರ ಒತ್ತಿದ್ರ ನುಗ್ಗಾಗ್ತಾವ. ಅರಗು, ದಾರ ಕಳದ್ರ ಉಳಿಯೂದು ನಿವ್ವಳ.”

ನಮ್ಮ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಪ್ಪ ಒಂದು ಹೊತ್ತಿಡೀ ಪರ್ಸೆಂಟ್ ಎಷ್ಟೆಂದು ಜಗ್ಗಾಡಿದ್ದ. ಯಾವ ತೂಕದ ಮೇಲೆ ಪರ್ಸೆಂಟ್ ಎಂಬ ಮಾತೇ ಬಂದಿರಲಿಲ್ಲ.

ಹೋಗಿದ್ದಕ್ಕೆ ಪಾಟಲಿಯನ್ನೂ ತೋರಿಸಿದೆವು. ಪತ್ತಾರರು ಎಡಗೈ ಪಾಟಲಿಯನ್ನು ಬಂಗಾರ ತೋರುವ ಯಂತ್ರದಲ್ಲಿಟ್ಟರು. ಇಪ್ಪತ್ತು ಕ್ಯಾರೆಟ್ ಬಂತು. ಕರಗಿಸಿದ ಮೇಲೆ ಉಳಿದ ತೂಕವನ್ನು ಇಪ್ಪತ್ತರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿ ಹಿಡಿಯುತ್ತೇನೆ, ಬೇರೆ ಮುರಿಯುವುದಿಲ್ಲ ಅಂದರು. ಸುಮಾರು ಹತ್ತೂ ಮುಕ್ಕಾಲು ಗ್ರಾಂ ಆಗಬಹುದೆಂದರು.

ಬುಧವಾರ ಅಪ್ಪನನ್ನೂ ಕರೆದುಕೊಂಡು ದಾಂಡೇಲಿಯ ಅಂಗಡಿಗೆ ಹೋದೆ. ಅಂಗಡಿಯವರು ಅಪ್ಪನನ್ನು ಕಂಡೊಡನೆ ಚಹಾ ಹೇಳಿದರು. ನಾನು ನಿವ್ವಳ ತೂಕ ಕೇಳಿದೆ. ಅವರು ಸರಕ್ಕೆ ಕಟ್ಟಿದ್ದ ಚೀಟಿ ತಿರುಗಿಸಿ, “ಹದಿನೇಳು ಗ್ರಾಂ ಎಂಟನೂರು ಮಿಲಿ” ಎಂದು ಓದಿದರು. ಚೀಟಿಯಲ್ಲಿ ಎರಡೂ ತೂಕ ಬರೆದೇ ಇತ್ತು. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ.

“ಮತ್ತ ನೀವು ಇಪ್ಪತ್ತಕ್ಕ ಬಂಗಾರದ ರೇಟ್ ಹಾಕೀರಲ್ರಿ? ಅರಗಿಗೂ?” ಅಂದ ಅಪ್ಪ.

“ಅದಕ್ಕ ಮಜೂರಿ ಬಿಟ್ಟೀನಲ್ರಿ ಸಾಹೇಬ್ರ!”

“ಅರಗಿಗೂ ವೇಸ್ಟೇಜ್ ಹಾಕೀರಿ.”

“ಹನ್ನೆರಡ ಅಲ್ರಿ? ಯಾರ ಹಾಕ್ತಾರ ಹನ್ನೆರಡಕ್ಕ?”

ನಿವ್ವಳ ತೂಕಕ್ಕೆ ಮಾತ್ರ ದರ ಹಾಕಿ ಹೇಳಿ ಎಂದು ನಾನು ಕೇಳಿದೆ. ಅವರು ಕ್ಯಾಲ್ಕುಲೇಟರ್ ಹತ್ತಿರ ಎಳೆದುಕೊಂಡರು. ನಿವ್ವಳಕ್ಕಾದರೆ ವೇಸ್ಟೇಜ್ ಹದಿನೆಂಟು, ಮೇಲೆ ಮಜೂರಿ ಎಂದು ಒತ್ತಿದರು. ಗ್ರಾಮಿಗೆ ಇಳಿಸಿದಾಗ, ಜಿಎಸ್‌ಟಿ ಬಿಟ್ಟು, ಮೊದಲಿನ 22.4 ಬಂತು. ವೇಸ್ಟೇಜ್ ಬೇಡ ಅನ್ನಿಸಿದರೆ ಎಲ್ಲವನ್ನೂ ಮಜೂರಿಯಲ್ಲೇ ತೆಗೆದುಕೊಳ್ಳುತ್ತೇನೆ ಎಂದು ಮತ್ತೆ ಒತ್ತಿದರು. ಅದೂ 22.4. ಅಪ್ಪ ಎರಡೂ ಸಲ ಪರದೆಯನ್ನು ಬಗ್ಗಿ ನೋಡಿದ. ಆಮೇಲೆ ಚಹಾ ಕುಡಿದ.

ಮನೆಗೆ ಬಂದು ಹಳಿಯಾಳದ ಲೆಕ್ಕವನ್ನು ಅದೇ ಸರಕ್ಕೆ ಹಾಕಿದೆ. ನಿವ್ವಳ 17.8, ಅದಕ್ಕೆ ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿ 19.58. ಮಜೂರಿ ಒಟ್ಟಾರೆ ಅರ್ಧ ಗ್ರಾಮಿನ ಬೆಲೆ, ಅಲ್ಲಿಗೆ 20.08. ಜಿಎಸ್‌ಟಿ ಸೇರಿ 20.68. ನಮ್ಮ ಹಣ ಹತ್ತು, ಒಂದು ಪಾಟಲಿ ಹತ್ತೂ ಮುಕ್ಕಾಲು. ವೇಸ್ಟೇಜ್, ಮಜೂರಿ ಎರಡನ್ನೂ ಕೇಳುವ ಅಂಗಡಿಯಲ್ಲಿ ಒಂದೇ ಪಾಟಲಿ ಸಾಕಾಗುತ್ತಿತ್ತು. ಬೋರಮಾಳಕ್ಕೆ ಹಾಲ್‌ಮಾರ್ಕ್ ಶುಲ್ಕ ಬೇರೆ. ಅದು ಒಡವೆಗಿಷ್ಟು ಎಂದು ಇರುತ್ತದೆ, ತೂಕಕ್ಕೆ ಹೆಚ್ಚುವುದಿಲ್ಲ.

ಅಪ್ಪ ಹಾಳೆಯನ್ನು ನೋಡಿ ಮಡಚಿಟ್ಟ.

“ನಾ ಮಾತು ಕೊಟ್ಟೀನಿ ಅವಗ.”

“ಮುಂಗಡ ಕೊಟ್ಟೀರೇನು?” ಅಂದಳು ಅವ್ವ.

“ಮುಂಗಡ ಇಲ್ಲ. ಮಾತು.”

“ಮತ್ತ ಮಾತು ಕೊಟ್ಟವ್ರು ಮಾತು ಕೊಡ್ರಿ. ಪಾಟಲಿ ನನ್ನವು.”

ಇಷ್ಟಾದರೂ ಅಪ್ಪ ನಾಲ್ಕು ದಿನ ತೆಗೆದುಕೊಂಡ. ಮಜೂರಿ ಇಲ್ಲವೆಂದು ಕಾರ್ಖಾನೆಯಲ್ಲಿ ತನ್ನ ಪಾಳಿಯವರಿಗೆಲ್ಲ ಹೇಳಿಬಿಟ್ಟಿದ್ದ. ನಾಲ್ಕನೇ ದಿನ ಅಕ್ಕನಿಗೆ ಮಾವ ಆಗಲಿರುವವರ ಮನೆಯಿಂದ ಒಡವೆ ಎಲ್ಲಿಗೆ ಬಂತೆಂದು ಫೋನ್ ಬಂದಾಗ ಅಂಗಿ ಹಾಕಿಕೊಂಡ. ಅಕ್ಕನೂ ಸೇರಿ ನಾಲ್ವರೂ ಹೊರಟೆವು.

ಹಳಿಯಾಳದಲ್ಲಿ ಫಲಕದ ಮೇಲಿನ ದರ ಎರಡು ಪರ್ಸೆಂಟ್ ಏರಿತ್ತು. ನಮ್ಮ ಹಣ 9.8 ಗ್ರಾಮಿಗೆ ಇಳಿದಿತ್ತು. ಮೊದಲ ದಿನವೇ ಹಣ ಕಟ್ಟಿದ್ದರೆ ಅಂದಿನ ದರವೇ ಹಿಡಿಯುತ್ತಿದ್ದೆ ಎಂದು ಪತ್ತಾರರು ಹೇಳಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಫಲಕದ ಕಡೆ ನೋಡಿದ.

ಪಾಟಲಿ ಕರಗಿಸುವ ಮೊದಲು ಲೆಕ್ಕ ಮುಗಿಯಲಿ ಎಂದೆ. ಕರಗಿಸಿದ ಮೇಲೆ ಬೇರೆ ಅಂಗಡಿಗೆ ಹೋಗುವ ಮಾತು ಉಳಿಯುವುದಿಲ್ಲ. ಒಂದು ಪಾಟಲಿಗೆ 10.73 ಹಿಡಿದರೆ ಒಟ್ಟು 20.53. ಬೇಕಾದದ್ದು 20.67. ಮಜೂರಿ ರೂಪಾಯಿಯಲ್ಲಿದ್ದುದರಿಂದ ದರ ಏರಿದಾಗ ಗ್ರಾಮಿನಲ್ಲಿ ಒಂದು ಕೂದಲಷ್ಟು ಇಳಿದಿತ್ತು. ಆದರೂ 0.14 ಗ್ರಾಂ ಕಡಿಮೆ. ಮದುವೆಯ ಉಳಿದ ಹಣವೆಲ್ಲ ಮಂಟಪಕ್ಕೂ ಅಡುಗೆಯವರಿಗೂ ಹೋಗಿತ್ತು.

“ಅಷ್ಟಕ್ಕ ಎರಡನೇದೂ ಕೊಡೂದೇನು?” ಅಂದಳು ಅಕ್ಕ.  “ಬ್ಯಾಡ. ನನಗ ಎರಡು ಮಣಿ ಕಡಿಮಿ ಹಾಕ್ರಿ.”

“ಮಣಿ ಕಡಿಮಿ ಬ್ಯಾಡವ್ವಾ, ಕೊರಳಿಗೆ ಬಿಗಿ ಆಗ್ತದ” ಅಂದರು ಪತ್ತಾರರು. ಸ್ವಲ್ಪ ಹೊತ್ತು ಪೆನ್ನು ಕುಟ್ಟಿದರು. “ಒಂದು ಮಾಡ್ತೀನಿ. ಮಜೂರಿಯೊಳಗ ನಾಲ್ಕಾಣಿ ಭಾಗ ಬಿಡ್ತೀನಿ. ಇಲ್ಲಾ ವೇಸ್ಟೇಜ್ ಹತ್ತು ಇದ್ದದ್ದು ಒಂಬತ್ತು ಮಾಡ್ತೀನಿ. ಎರಡರಾಗ ಒಂದು.”

ಅಪ್ಪ ತಟ್ಟನೆ ಮುಂದೆ ಸರಿದ. “ಮಜೂರಿ ಬಿ—”

“ತಡೀರಿ” ಅಂದಳು ಅವ್ವ. ನನ್ನ ಕಡೆ ತಿರುಗಿದಳು.

ಮಜೂರಿಯ ಕಾಲುಭಾಗ, ಜಿಎಸ್‌ಟಿ ಸಮೇತ, 0.13 ಗ್ರಾಂ. ಕೇಳಲು ದೊಡ್ಡ ರಿಯಾಯಿತಿ, ಆದರೂ ಕೂದಲೆಳೆ ಕಡಿಮೆ. ವೇಸ್ಟೇಜಿನ ಒಂದು ಪರ್ಸೆಂಟ್ ಅಂದರೆ 17.8 ಗ್ರಾಮಿನ ನೂರನೇ ಒಂದು ಪಾಲು. ಜಿಎಸ್‌ಟಿ ಸೇರಿ 0.18. ಅದು ಸಾಕಾಗಿ ಹಾಲ್‌ಮಾರ್ಕ್ ಶುಲ್ಕಕ್ಕೂ ಉಳಿಯುತ್ತಿತ್ತು.

ನಾನು ಇಷ್ಟನ್ನೂ ಹೇಳಿದೆ. ಅಪ್ಪ ಗಲ್ಲ ತುರಿಸಿಕೊಂಡ. ಆಮೇಲೆ ಪತ್ತಾರರಿಗೆ, “ವೇಸ್ಟೇಜ್ ಒಂಬತ್ತು ಮಾಡ್ರಿ” ಅಂದ. “ಮಜೂರಿ ಇರ್ಲಿ ಬಿಡ್ರಿ. ಕೆಲಸ ಮಾಡಾವ್ರಿಗೆ ಕೊಡಬೇಕಲ್ಲ.”

“ಈಗ ತಿಳೀತೇನು?” ಅಂದಳು ಅವ್ವ.

“ನಾ ಮೊದಲಿಂದನೂ ಅದ ಹೇಳಾಕತ್ತಿದ್ನಿ.”

 ಪತ್ತಾರರು ನಿವ್ವಳ ತೂಕ, ವೇಸ್ಟೇಜ್, ಮಜೂರಿ, ಅಂದಿನ ದರ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು ಕೊಟ್ಟರು. ಅವ್ವ ಎಡಗೈ ಪಾಟಲಿಯನ್ನು ಸಾಬೂನು ಹಚ್ಚಿ ಬಿಡಿಸಿದಳು. ಅದನ್ನು ನಮ್ಮೆದುರೇ ಕರಗಿಸಿದರು. ನೋಡುವ ಮನಸ್ಸಿಲ್ಲ ಅನ್ನುತ್ತಲೇ ಅವ್ವ ಕೊನೆಯವರೆಗೂ ನೋಡಿದಳು. ಉಳಿದ ಗಟ್ಟಿ ತಕ್ಕಡಿಯಲ್ಲಿ 11.8 ತೂಗಿತು; ಲೆಕ್ಕಕ್ಕೆ 10.73. 

ಮದುವೆಯ ದಿನ ಅವ್ವ ಬಲಗೈಗೆ ಪಾಟಲಿ, ಎಡಗೈಗೆ ಒಂದು ಡಜನ್ ಹಸಿರು ಗಾಜಿನ ಬಳೆ ಹಾಕಿಕೊಂಡಿದ್ದಳು. ಬೀಗರ ಪೈಕಿ ಒಬ್ಬಾಕೆ ಎರಡೂ ಕೈ ನೋಡಿ, “ಇನ್ನೊಂದು ಎಲ್ರಿ?” ಎಂದು ಕೇಳಿದಳು.

“ಮಗಳ ಕೊರಳಾಗ ಐತ್ರಿ” ಅಂದಳು ಅವ್ವ.

ಆಕೆ ಅಕ್ಕನ ಬೋರಮಾಳವನ್ನು ಬೆರಳಿಂದ ಎತ್ತಿ ನೋಡಿ, ಛಲೋ ಆಗೇತಿ ಅಂದಳು. ನಂತರ ಅಪ್ಪನಿಗೆ, “ಎಷ್ಟು ಬಿತ್ರಿ ಅಣ್ಣಾರ?” ಅಂದಳು.

ಅಪ್ಪ ರುಮಾಲು ಸರಿಮಾಡಿಕೊಂಡ.

“ಒಂಬತ್ತು ಪರ್ಸೆಂಟ್” ಅಂದ. ಮಜೂರಿಯ ವಿಷಯ ಹೇಳಲಿಲ್ಲ.